ಹಾಳೆ ಹೇಳಿದ್ದು, ಕರೆಯಲ್ಲಿ ಕೇಳಿದ್ದು

2023ರ ಏಪ್ರಿಲ್‌ನಲ್ಲಿ ಇನ್ಫೋಸಿಸ್ ಆ ಹಣಕಾಸು ವರ್ಷದ ಆದಾಯ ಶೇ 4ರಿಂದ 7ರಷ್ಟು ಬೆಳೆಯಬಹುದು ಎಂದಿತ್ತು. ಜುಲೈನಲ್ಲಿ ಆ ಅಂದಾಜು ಶೇ 1ರಿಂದ 3.5ಕ್ಕೆ ಇಳಿಯಿತು. ಅಕ್ಟೋಬರ್‌ನಲ್ಲಿ ಮೇಲಿನ ಮಿತಿ 2.5 ಆಯಿತು. ತಮಾಷೆಯೆಂದರೆ, ಅದೇ ತ್ರೈಮಾಸಿಕದಲ್ಲಿ 7.7 ಬಿಲಿಯನ್ ಡಾಲರ್‌ಗಳ ದೊಡ್ಡ ಒಪ್ಪಂದಗಳಾಗಿದ್ದವು.

ಇಂಥ ಕಡೆ ಹೂಡಿಕೆದಾರರಿಗೆಂದು ಕಂಪನಿ ಸಿದ್ಧಪಡಿಸುವ ಹಾಳೆಗಳನ್ನಷ್ಟೇ ನೋಡಿದರೆ ಸಾಲದು. ಅವು ಕಂಪನಿಯೇ ಸಿಂಗರಿಸಿದ ಮದುಮಗಳು. ಫಲಿತಾಂಶದ ನಂತರ ವಿಶ್ಲೇಷಕರ ಜತೆ ನಡೆಯುವ ಫೋನ್ ಸಂವಾದದ ಲಿಖಿತ ಪಠ್ಯದಲ್ಲಿ, ಅದರಲ್ಲೂ ಪ್ರಶ್ನೋತ್ತರದಲ್ಲಿ, ‘ಯಾಕೆ’ ಎಂಬುದು ಸಿಗುತ್ತದೆ. ಜುಲೈನ ಇಳಿಕೆಗೆ ಗ್ರಾಹಕರು ನಿರ್ಧಾರ ಮುಂದೂಡುತ್ತಿರುವುದು, ದೊಡ್ಡ ಒಪ್ಪಂದಗಳ ಹಣ ತಡವಾಗಿ ಬರುವುದು ಕಾರಣಗಳಾಗಿದ್ದವು. ಒಪ್ಪಂದದ ಮೊತ್ತ ಹಲವು ವರ್ಷಗಳಿಗೆ ಹಂಚಿಹೋಗುವಂಥದ್ದು. ಅದು ಈ ವರ್ಷದ ಆದಾಯವಲ್ಲ.

ಸೆಬಿ ನಿಯಮದಂತೆ ಪಟ್ಟಿಯಾದ ಕಂಪನಿಗಳು ಈ ಪಠ್ಯವನ್ನು ಐದು ಕೆಲಸದ ದಿನಗಳೊಳಗೆ ಷೇರುಪೇಟೆಗೆ ಸಲ್ಲಿಸಬೇಕು. ಎನ್‌ಎಸ್‌ಇ, ಬಿಎಸ್‌ಇ ಜಾಲತಾಣಗಳಲ್ಲಿ ಪುಕ್ಕಟೆ ಸಿಗುತ್ತದೆ. ಹಿಂದಿನ ತ್ರೈಮಾಸಿಕದ ಪಠ್ಯವನ್ನೂ ಪಕ್ಕದಲ್ಲಿಟ್ಟುಕೊಂಡು ಒಂದೇ ಪ್ರಶ್ನೆಯ ಎರಡು ಉತ್ತರಗಳನ್ನು ಓದಿ. ಮೊದಲು ಹೇಳುತ್ತಿದ್ದ ಅಂಕಿ ಈಗ ಮಾಯವಾಗಿದ್ದರೆ ಅಲ್ಲಿ ನಿಲ್ಲಿ. ಆದರೆ ಅಧಿಕಾರಿಗಳ ಭರವಸೆ ಲೆಕ್ಕಪರಿಶೋಧನೆಗೆ ಒಳಪಟ್ಟದ್ದಲ್ಲ. ಅಂಕಿಯನ್ನು ಫಲಿತಾಂಶದ ಜತೆ ತಾಳೆ ನೋಡಲೇಬೇಕು.

ವರ್ಷದ ಕೊನೆಗೆ ಇನ್ಫೋಸಿಸ್ ಬೆಳೆದದ್ದು ಶೇ 1.4.