ಕೋಷ್ಟಕದ ಚಿತ್ರ ಕಿವಿಗೂ ತಿಳಿಯಬೇಕಾದರೆ

ಕೋಷ್ಟಕವನ್ನು ಚಿತ್ರವಾಗಿ ಹಾಕಿದಾಗ ಅದರೊಳಗಿನ ಅಂಕಿಗಳು ಸ್ಕ್ರೀನ್ ರೀಡರ್‌ಗೆ ಅಕ್ಷರಗಳಾಗಿ ಸಿಗುವುದಿಲ್ಲ. ಅಂಧ ಓದುಗರ ಫೋನು ಅಥವಾ ಕಂಪ್ಯೂಟರ್ ‘ಇಲ್ಲೊಂದು ಚಿತ್ರವಿದೆ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಆ ಕೊರತೆ ತುಂಬಲು ಬರೆಯುವುದೇ ದೀರ್ಘ ವಿವರಣೆ.

ಕರ್ನಾಟಕದ ಸಾಕ್ಷರತೆಯ ಪುಟ್ಟ ಕೋಷ್ಟಕವೊಂದನ್ನು ತೆಗೆದುಕೊಳ್ಳೋಣ. ‘ಸಾಕ್ಷರತೆ ಹೆಚ್ಚಿರುವುದನ್ನು ತೋರಿಸುವ ಕೋಷ್ಟಕ’ ಎಂದು ಬರೆದರೆ ಅದು ಸಾರಾಂಶವಾಯಿತು, ಅಂಕಿಗಳು ಕಳೆದುಹೋದವು. ‘2001: 66.64, 76.10, 56.87’ ಎಂದರೆ ಅಂಕಿಗಳೇನೋ ಬಂದವು, ಆದರೆ ಮೂರನೆಯದು ಯಾರದು ಎಂಬುದು ಕೇಳುವವರಿಗೆ ಗೊತ್ತಾಗುವುದಿಲ್ಲ. ಕಣ್ಣು ಥಟ್ಟನೆ ಮೇಲೆ ಹೋಗಿ ಶೀರ್ಷಿಕೆ ನೋಡಿ ಬರುತ್ತದೆ. ಕಿವಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಪ್ರತಿ ಅಂಕಿಯ ಜೊತೆ ಅದರ ಶೀರ್ಷಿಕೆಯನ್ನೂ ಮತ್ತೆ ಹೇಳಬೇಕು. ವಿವರಣೆ ಹೀಗಿರಬಹುದು:

‘ಕರ್ನಾಟಕದ ಸಾಕ್ಷರತೆ, ಶೇಕಡಾವಾರು, ಜನಗಣತಿಯ ಪ್ರಕಾರ. ಎರಡು ಅಡ್ಡಸಾಲು: 2001 ಮತ್ತು 2011. ಮೂರು ಕಂಬಸಾಲು: ಒಟ್ಟು, ಪುರುಷರು, ಮಹಿಳೆಯರು.

2001ರಲ್ಲಿ ಒಟ್ಟು 66.64, ಪುರುಷರು 76.10, ಮಹಿಳೆಯರು 56.87.

2011ರಲ್ಲಿ ಒಟ್ಟು 75.36, ಪುರುಷರು 82.47, ಮಹಿಳೆಯರು 68.08.’

ಮೊದಲು ವಿಷಯ ಮತ್ತು ಅಳತೆಯ ಮಾನ, ಆಮೇಲೆ ಕೋಷ್ಟಕದ ರಚನೆ, ಕೊನೆಗೆ ಸಾಲುಸಾಲಾಗಿ ಅಂಕಿಗಳು. ಎಷ್ಟು ಸಾಲು ಬರಲಿವೆ ಎಂದು ಮೊದಲೇ ತಿಳಿದವರು ಕೇಳುತ್ತಾ ಲೆಕ್ಕ ಇಟ್ಟುಕೊಳ್ಳಬಲ್ಲರು.

ಇಲ್ಲಿ ಗಂಡು-ಹೆಣ್ಣಿನ ಅಂತರ 19.23ರಿಂದ 14.39 ಅಂಶಗಳಿಗೆ ಇಳಿದಿದೆ. ಆದರೂ ಅದನ್ನು ವಿವರಣೆಯಲ್ಲಿ ಸೇರಿಸಬಾರದು, ಏಕೆಂದರೆ ಅದು ಕೋಷ್ಟಕದಲ್ಲಿಲ್ಲ. ಕಳೆದು ನೋಡಿದವರಿಗೆ ಸಿಗುವ ಉತ್ತರ. ಹಾಗೆಯೇ ಕೋಷ್ಟಕದಲ್ಲಿ ಇರುವುದನ್ನು ಬಿಡುವಂತೆಯೂ ಇಲ್ಲ. ಖಾಲಿ ಮನೆಯಿದ್ದರೆ ‘ಮಾಹಿತಿ ನೀಡಿಲ್ಲ’ ಎನ್ನಬೇಕು. ಸುಮ್ಮನೆ ದಾಟಿದರೆ ಮುಂದಿನ ಅಂಕಿ ಆ ಜಾಗಕ್ಕೆ ಸರಿದಂತೆ ಕೇಳಿಸುತ್ತದೆ. ಕೆಂಪು ಬಣ್ಣದ ಮನೆಗೆ ‘ಗುರಿ ತಲುಪದ್ದು’ ಎಂಬ ಅರ್ಥವಿದ್ದರೆ ಆ ಅರ್ಥವನ್ನು ಬರೆಯಬೇಕು. ಅಂದಕ್ಕಷ್ಟೇ ಹಚ್ಚಿದ ಬಣ್ಣವನ್ನು ಬಿಡಬಹುದು.

ಇಷ್ಟನ್ನೂ ಚಿತ್ರದ ಆಲ್ಟ್ ಟೆಕ್ಸ್ಟ್‌ನಲ್ಲಿ ತುರುಕುವುದು ಸಾಮಾನ್ಯ ತಪ್ಪು. ಆಲ್ಟ್ ಟೆಕ್ಸ್ಟ್‌ನಲ್ಲಿ ಪ್ಯಾರಾ ಬಿಡಲು ಬರುವುದಿಲ್ಲ. ಒಂದೇ ಉಸಿರಿನಲ್ಲಿ ಓದಿಸಿಕೊಂಡು ಹೋಗುತ್ತದೆ, ಬೇಕಾದ ಸಾಲಿಗೆ ಮರಳುವುದು ಕಷ್ಟ. ಅಲ್ಲಿ ‘ಕರ್ನಾಟಕದ ಸಾಕ್ಷರತೆ, 2001 ಮತ್ತು 2011, ವಿವರ ಕೆಳಗಿದೆ’ ಎಂದಿದ್ದರೆ ಸಾಕು. ದೀರ್ಘ ವಿವರಣೆಯನ್ನು ಚಿತ್ರದ ಕೆಳಗೆ ಸಾಮಾನ್ಯ ಪಠ್ಯವಾಗಿ, ಒಂದೊಂದು ಅಡ್ಡಸಾಲಿಗೆ ಒಂದೊಂದು ಪ್ಯಾರಾದಂತೆ ಕೊಡಬೇಕು.

ಬರೆದದ್ದು ಸರಿಯಿದೆಯೇ ಎಂದು ತಿಳಿಯಲು, ಚಿತ್ರ ನೋಡದ ಒಬ್ಬರಿಗೆ ಅದನ್ನು ಓದಿ ಹೇಳಿ, ಕೋಷ್ಟಕವನ್ನು ಕಾಗದದ ಮೇಲೆ ಬರೆಯಲು ಹೇಳಿ. ಎಲ್ಲಿ ಅವರು ತಡೆದು ಪ್ರಶ್ನೆ ಕೇಳುತ್ತಾರೋ ಅಲ್ಲಿ ವಿವರಣೆ ಸೋತಿದೆ.

ಇಪ್ಪತ್ತು ಸಾಲು, ಹತ್ತು ಕಂಬಗಳ ಕೋಷ್ಟಕಕ್ಕೆ ಈ ದಾರಿ ಹಿಡಿಸದು. ಇನ್ನೂರು ಅಂಕಿಗಳನ್ನು ಒಂದರ ಹಿಂದೊಂದು ಕೇಳಿ ನೆನಪಿಡುವವರು ಯಾರು? ಅಂಥದ್ದನ್ನು ಚಿತ್ರದ ಬದಲು ನಿಜವಾದ ಕೋಷ್ಟಕವಾಗಿಯೇ, ಶೀರ್ಷಿಕೆಗಳನ್ನು ಗುರುತಿಸಿ ಕೊಡಬೇಕು. ಆಗ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಬಳಸುವವರು ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಒತ್ತಿಹಿಡಿದು ಬಾಣದ ಕೀಲಿಗಳಿಂದ ಮನೆಯಿಂದ ಮನೆಗೆ ಹೋಗಿ, ತಮಗೆ ಬೇಕಾದ ಒಂದೇ ಅಂಕಿಯನ್ನು ಅದರ ಶೀರ್ಷಿಕೆಯೊಂದಿಗೆ ಕೇಳಿಕೊಳ್ಳಬಲ್ಲರು.