ಬಿಲ್ ಇಲ್ಲ ಅನ್ನಬಹುದು, ಕಳ್ಳ ಅನ್ನಬಾರದು

‘ಸದರಿ ಕ್ಲೇಮ್‌ಗೆ ತಾವು ಸೂಕ್ತ ಬಿಲ್ ಸಲ್ಲಿಸದೇ ಇರುವುದು ಗಮನಕ್ಕೆ ಬಂದಿದೆ. ಇದು ಕಂಪನಿ ನಿಯಮದ ಉಲ್ಲಂಘನೆಯಾಗಿರುವುದರಿಂದ ಕ್ಲೇಮ್ ತಿರಸ್ಕರಿಸಲಾಗಿದೆ. ಮುಂದೆ ಹೀಗಾಗದಂತೆ ಎಚ್ಚರ ವಹಿಸತಕ್ಕದ್ದು.’

ಈ ಇ-ಮೇಲ್ ಬರೆದವನು ನಾನೇ. ಆಗ ದಾವಣಗೆರೆಯಲ್ಲಿ ಒಂದು ಬಿತ್ತನೆ ಬೀಜದ ಕಂಪನಿಯ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಮೇಲ್ ಹೋಗಿ ಹತ್ತು ನಿಮಿಷ ಆಗಿರಲಿಲ್ಲ, ರಾಯಚೂರು ಕಡೆಯ ಫೀಲ್ಡ್ ಆಫೀಸರ್ ಫೋನ್ ಮಾಡಿದರು. ‘ಏನ್ರೀ ಸರ, ನಾ ಏನ್ ರೊಕ್ಕಾ ಹೊಡದೀನಂತ ತಿಳಕೊಂಡೀರೇನ್?’ ಹಾಗೆಂದು ನಾನು ಎಲ್ಲೂ ಬರೆದಿರಲಿಲ್ಲ. ಫೋನ್ ಇಟ್ಟು ಮೇಲ್ ಮತ್ತೆ ಓದಿದಾಗ, ಬರೆದಿದ್ದೇನೆ ಅನ್ನಿಸಿತು.

ಅವರು ಸಿಂಧನೂರಿಗೆ ಎರಡು ದಿನದ ಪ್ರವಾಸ ಹೋಗಿದ್ದರು. ಒಟ್ಟು ಕ್ಲೇಮ್ 4,660 ರೂಪಾಯಿ. ಬಸ್ ಟಿಕೆಟ್ 1,020, ಲಾಡ್ಜ್ 1,100, ಆಟೊ 180. ಉಳಿದ 2,360 ರೂಪಾಯಿ ಡೀಲರುಗಳನ್ನು ಕರೆದುಕೊಂಡು ಹೋಗಿ ಹಾಕಿಸಿದ ರೊಟ್ಟಿ ಊಟದ್ದು. ಮೊದಲ ಮೂರಕ್ಕೂ ಕಾಗದ ಸರಿಯಾಗಿತ್ತು. ಊಟಕ್ಕೆ ಮಾತ್ರ ಇದ್ದದ್ದು ಫೋನ್‌ಪೇ ಸ್ಕ್ರೀನ್‌ಶಾಟ್. ಅದರಲ್ಲಿ ಖಾನಾವಳಿಯ ಹೆಸರೂ ಇಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರಿಗೆ ಹಣ ಹೋಗಿತ್ತು. ಖಾನಾವಳಿ ಮಾಲೀಕರ ಮಗನದಂತೆ.

ಈಗ ಹೆಚ್ಚಿನ ತಕರಾರು ಹುಟ್ಟುವುದೇ ಈ ಸ್ಕ್ರೀನ್‌ಶಾಟ್‌ನಿಂದ. ಕೊಟ್ಟವರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು ಅನ್ನಿಸುತ್ತದೆ. ದಿನಾಂಕ ಇದೆ, ಸಮಯ ಇದೆ, ಮೊತ್ತ ಇದೆ. ಆದರೆ ಅದು ಹೇಳುವುದು ಹಣ ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತು ಎಂಬುದನ್ನಷ್ಟೇ. ಆ ಹಣಕ್ಕೆ ಊಟ ಬಂತೋ, ಹಳೆಯ ಕೈಗಡ ತೀರಿತೋ ಅದು ಹೇಳುವುದಿಲ್ಲ. ವರ್ಷದ ಕೊನೆಗೆ ಆಡಿಟರ್ ಕೇಳುವುದು ಇದನ್ನೇ: ಖರ್ಚು ವ್ಯಾಪಾರಕ್ಕಾಗಿ ಆಯಿತು ಎನ್ನುವುದಕ್ಕೆ ಏನಿದೆ? ನಿಯಮದ ಹಿಂದಿನ ಕಾರಣ ಇಷ್ಟೇ. ಅದರಲ್ಲಿ ಆ ಮನುಷ್ಯನ ಪ್ರಾಮಾಣಿಕತೆಯ ಪ್ರಶ್ನೆಯೇ ಇಲ್ಲ. ನನ್ನ ಮೇಲ್ ಮಾತ್ರ ಕಾರಣವನ್ನು ಬಿಟ್ಟು ಮನುಷ್ಯನನ್ನು ಹಿಡಿದುಕೊಂಡಿತ್ತು.

ಹೇಗೆ ಎಂದು ಪದಪದ ನೋಡಿದರೆ ಗೊತ್ತಾಗುತ್ತದೆ. ‘ಗಮನಕ್ಕೆ ಬಂದಿದೆ’ ಎನ್ನುವುದು ಕದ್ದುಮುಚ್ಚಿ ಮಾಡಿದ್ದನ್ನು ಪತ್ತೆ ಹಚ್ಚಿದವರ ಮಾತು. ಇಲ್ಲಿ ಅವರೇ ಸ್ಕ್ರೀನ್‌ಶಾಟ್ ಲಗತ್ತಿಸಿ ಕಳಿಸಿದ್ದರು. ‘ಸಲ್ಲಿಸದೇ ಇರುವುದು’ ಎಂದರೆ ಕೈಯಲ್ಲಿದ್ದೂ ಕೊಡಲಿಲ್ಲ ಎಂಬ ಧ್ವನಿ. ‘ಉಲ್ಲಂಘನೆ’ ಪೊಲೀಸ್ ಠಾಣೆಯ ಪದ. ಎಲ್ಲಕ್ಕಿಂತ ಕೆಟ್ಟದ್ದು ‘ತಿರಸ್ಕರಿಸಲಾಗಿದೆ’. ಕಚೇರಿ ಕಡತದಲ್ಲಿ ಅದಕ್ಕೆ ಮಂಜೂರಾಗಿಲ್ಲ ಎಂಬುದಷ್ಟೇ ಅರ್ಥ. ಮನೆಯ ಕನ್ನಡದಲ್ಲಿ ತಿರಸ್ಕಾರ ಎಂದರೆ ತಾತ್ಸಾರ, ಕೀಳಾಗಿ ಕಾಣುವುದು. ಓದುವವರ ಕಿವಿಗೆ ಎರಡನೆಯದೇ ಮೊದಲು ಬೀಳುತ್ತದೆ. ಜತೆಗೆ ‘ಲಾಗಿದೆ’ ಎಂಬ ಬಾಲ ಬೇರೆ. ಯಾರು ತಿರಸ್ಕರಿಸಿದರು, ಯಾರನ್ನು ಕೇಳಬೇಕು ಎನ್ನುವುದೇ ಗೊತ್ತಾಗದಂತೆ ಅದು ಬರೆದವರನ್ನು ಮುಚ್ಚಿಡುತ್ತದೆ.

ಮರುದಿನ ಬೆಳಿಗ್ಗೆ ಇನ್ನೊಂದು ಮೇಲ್ ಬರೆದೆ. ವಿಷಯದ ಸಾಲು: ‘ಸಿಂಧನೂರು ಪ್ರವಾಸ: 2,300 ರೂ. ಪಾವತಿ, 2,360 ರೂ.ಗೆ ಬಿಲ್ ಬೇಕು’. ಒಳಗೆ ಹೀಗಿತ್ತು:

‘ನಮಸ್ಕಾರ ಸರ್. ನಿಮ್ಮ ಸಿಂಧನೂರು ಪ್ರವಾಸದ ಖರ್ಚಿನಲ್ಲಿ ಬಸ್, ಲಾಡ್ಜ್, ಆಟೊ ಸೇರಿ 2,300 ರೂಪಾಯಿ ಈ ಶುಕ್ರವಾರ ನಿಮ್ಮ ಖಾತೆಗೆ ಬರುತ್ತದೆ. ಡೀಲರುಗಳ ಊಟದ 2,360 ರೂಪಾಯಿಯನ್ನು ಈಗ ಕೊಡಲು ನನಗೆ ಆಗುತ್ತಿಲ್ಲ. ಪ್ರವಾಸ ನಿಯಮದ 7ನೇ ಅಂಶದಂತೆ ಡೀಲರುಗಳ ಜತೆಗಿನ ಊಟಕ್ಕೆ 2,500 ರೂಪಾಯಿವರೆಗೆ ಕೊಡಬಹುದು, ಆದರೆ ಏನು ಕೊಂಡದ್ದು ಎಂದು ತೋರಿಸುವ ಬಿಲ್ ಇರಬೇಕು. ಫೋನ್‌ಪೇ ಸ್ಕ್ರೀನ್‌ಶಾಟ್‌ನಲ್ಲಿ ಹಣ ಹೋದದ್ದು ಕಾಣುತ್ತದೆ, ಊಟದ ವಿವರ ಕಾಣುವುದಿಲ್ಲ. ಖಾನಾವಳಿಯವರು ಹಾಳೆಯ ಮೇಲೆ ದಿನಾಂಕ, ಎಷ್ಟು ಊಟ, ಒಂದಕ್ಕೆ ಎಷ್ಟು ಎಂದು ಬರೆದು ಸಹಿ ಹಾಕಿ ಕೊಟ್ಟರೂ ನಡೆಯುತ್ತದೆ. ಅದರ ಫೋಟೊ, ಬಂದ ಡೀಲರುಗಳ ಹೆಸರು 25ರೊಳಗೆ ಕಳಿಸಿದರೆ ಮುಂದಿನ ಪಾವತಿಯಲ್ಲಿ ಸೇರಿಸುತ್ತೇನೆ. ಏನಾದರೂ ತೊಡಕಿದ್ದರೆ ನನಗೇ ಫೋನ್ ಮಾಡಿ.’

ಮೊದಲಿನದಕ್ಕಿಂತ ಇದು ಸುಮಾರು ನಾಲ್ಕುಪಟ್ಟು ಉದ್ದ. ‘ನೀವು ಬಿಲ್ ಕೊಟ್ಟಿಲ್ಲ’ ಎಂಬುದು ಇಲ್ಲಿ ಎಲ್ಲೂ ಬರುವುದಿಲ್ಲ. ಮಾತೆಲ್ಲ ಸ್ಕ್ರೀನ್‌ಶಾಟ್ ಅಥವಾ ನಿಯಮದ ಬಗ್ಗೆ. ಆದರೆ ‘ಕೊಡಲು ನನಗೆ ಆಗುತ್ತಿಲ್ಲ’ ಎನ್ನುವಲ್ಲಿ ನಾನು ಇದ್ದೇನೆ. ಕೊರತೆ ಕಾಗದದ್ದು, ನಿರ್ಧಾರ ನನ್ನದು. ಈ ಎರಡನ್ನು ಅದಲು ಬದಲು ಮಾಡಿದಾಗಲೇ ಮೇಲ್ ಕೆಡುತ್ತದೆ. ನಿಯಮವನ್ನು ಬರೀ ಸಂಖ್ಯೆಯಿಂದ ಹೇಳಿ ಬಿಟ್ಟರೂ ಸಾಲದು. ಅದು ಏನು ಹೇಳುತ್ತದೆ ಎಂದು ಒಂದು ಸಾಲಿನಲ್ಲಿ ಬರೆಯದಿದ್ದರೆ ಓದುವವರು ನಿಯಮ ಹುಡುಕಲು ಹೋಗುವುದಿಲ್ಲ, ಜಗಳಕ್ಕೆ ಬರುತ್ತಾರೆ.

ಹಾಳೆಯ ಚೀಟಿ ಸಾಕು ಎಂದು ಬರೆದದ್ದಕ್ಕೂ ಕಾರಣವಿದೆ. ನನ್ನ ಹಿಂದಿನವರು ಇಂಥಲ್ಲೆಲ್ಲ ‘ಜಿಎಸ್‌ಟಿ ಬಿಲ್ ತನ್ನಿ’ ಎನ್ನುತ್ತಿದ್ದರು. ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಖಾನಾವಳಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯನ್ನೇ ಮಾಡಿಸಬೇಕಿಲ್ಲ, ಆ ಬಿಲ್ ಎಲ್ಲಿಂದ ತರುವುದು? ಸಿಗಲಾರದ ಕಾಗದ ಕೇಳುವುದೂ ಒಂದು ಬಗೆಯ ಆಪಾದನೆಯೇ.

ಎಲ್ಲ ಕ್ಲೇಮಿಗೂ ಇಂಥ ದಾರಿ ಇರುವುದಿಲ್ಲ. ಲಾಡ್ಜ್ ಮಿತಿ 1,200 ಇದ್ದು 1,800ರ ರೂಮಿನಲ್ಲಿ ಉಳಿದಿದ್ದರೆ ಹೆಚ್ಚುವರಿ 600 ಹೋಯಿತು ಎಂದೇ ಲೆಕ್ಕ. ಆಗ ‘ಪರಿಶೀಲನೆಯಲ್ಲಿದೆ’, ‘ಸದ್ಯಕ್ಕೆ ತಡೆಹಿಡಿದಿದೆ’ ಎಂದು ಮೆತ್ತಗೆ ಬರೆದರೆ ಆ ಮನುಷ್ಯ ಮೂರು ತಿಂಗಳು ಕಾಯುತ್ತಾನೆ. ‘ಮಿತಿ 1,200, ಬಿಲ್ 1,800, ಆದ್ದರಿಂದ 1,200 ಕೊಡುತ್ತಿದ್ದೇವೆ, ಉಳಿದ 600 ಬರುವುದಿಲ್ಲ’ ಎಂದು ನೇರ ಬರೆಯುವುದೇ ಮರ್ಯಾದೆ. ಆವತ್ತು ಊರಲ್ಲಿ ಜಾತ್ರೆಯಿದ್ದು ಬೇರೆ ರೂಮೇ ಸಿಗದಿದ್ದರೆ ಯಾರ ಅನುಮತಿ ಕೇಳಬೇಕು ಎಂಬುದನ್ನೂ ಸೇರಿಸಬಹುದು, ಅಂಥ ಅನುಮತಿಗೆ ನಿಯಮದಲ್ಲಿ ಜಾಗ ನಿಜವಾಗಿಯೂ ಇದ್ದರೆ.

ಇನ್ನು ಅತಿ ವಿನಯ. ‘ದಯವಿಟ್ಟು ತಪ್ಪು ತಿಳಿಯಬೇಡಿ, ನಿಮ್ಮ ಮೇಲೆ ನಮಗೆ ಅನುಮಾನವಿಲ್ಲ’ ಎಂದು ಶುರು ಮಾಡುವವರಿದ್ದಾರೆ. ಅನುಮಾನದ ಸುದ್ದಿ ಅಲ್ಲಿಯವರೆಗೆ ಯಾರ ತಲೆಯಲ್ಲೂ ಇರುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಗಾದೆ ಗೊತ್ತಲ್ಲ, ಇಲ್ಲಿ ಕುಂಬಳಕಾಯಿಯನ್ನು ನಾವೇ ತಂದು ಹೆಗಲ ಮೇಲೆ ಇಟ್ಟಂತೆ. ನಿಜವಾಗಿಯೂ ಅನುಮಾನವಿದ್ದರೆ, ಒಂದೇ ನಂಬರಿನ ಲಾಡ್ಜ್ ಬಿಲ್ ಎರಡು ತಿಂಗಳಲ್ಲಿ ಎರಡು ಸಲ ಬಂದಿದ್ದರೆ, ಅದು ಈ ಮೇಲಿನ ಕೆಲಸವಲ್ಲ. ಎದುರು ಕೂರಿಸಿ ಕೇಳುವ ಮಾತು ಅದು.

ಹೇಳಲು ಮರೆತೆ: ನನ್ನ ಮೊದಲ ಮೇಲ್‌ನ ಸಿಸಿಯಲ್ಲಿ ಅವರ ಮ್ಯಾನೇಜರ್ ಇದ್ದರು. ಫೋನಿನಲ್ಲಿ ಅವರು ಕೂಗಾಡಿದ್ದು ಮುಖ್ಯವಾಗಿ ಅದಕ್ಕೇ ಇರಬೇಕು. ಎರಡನೆಯದನ್ನು ಅವರೊಬ್ಬರಿಗೇ ಕಳಿಸಿದೆ.

ನಾಲ್ಕನೇ ದಿನ ಫೋಟೊ ಬಂತು. ರೂಲ್ಡ್ ಹಾಳೆ, ನೀಲಿ ಪೆನ್ನು: 16 ರೊಟ್ಟಿ ಊಟ, ಒಂದಕ್ಕೆ 140, ಸೋಡಾ 120, ಒಟ್ಟು 2,360. ಕೆಳಗೆ ಖಾನಾವಳಿಯ ಹೆಸರು, ಸಹಿ. ಮುಂದಿನ ಶುಕ್ರವಾರ ಹಣ ಹಾಕಿದೆ.