ಚೀಲ ಏರಿಸಲು ಎಷ್ಟು ಎಚ್‌ಪಿ?

ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳಲ್ಲಿ ಲಾರಿ ತುಂಬುವಾಗ ಹಮಾಲರ ಬೆನ್ನಿನ ಭಾರವನ್ನು ಇಳಿಸುವ ಯಂತ್ರವೆಂದರೆ ಓರೆಯಾಗಿ ನಿಂತ ಬೆಲ್ಟ್ ಕನ್ವೇಯರ್. ಕೆಳಗೆ ಚೀಲ ಇಟ್ಟರೆ ಮೇಲೆ ಲಾರಿಯ ಮೇಲಿರುವವರ ಕೈಗೆ ಸಿಗುತ್ತದೆ. ಇದಕ್ಕೆ ಎಷ್ಟು ಎಚ್‌ಪಿ ಮೋಟಾರು ಬೇಕು ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, ಪಕ್ಕದ ಗಿರಣಿಯಲ್ಲಿ ಎಷ್ಟಿದೆಯೋ ಅಷ್ಟು. ಆದರೆ ಈ ಲೆಕ್ಕ ಹೈಸ್ಕೂಲಿನ ಭೌತಶಾಸ್ತ್ರವನ್ನು ಮೀರುವುದಿಲ್ಲ. ಕುಳಿತು ಮಾಡಿದರೆ ಮೋಟಾರಿನ ಗಾತ್ರವನ್ನು ಚೀಲದ ತೂಕವೊಂದೇ ನಿರ್ಧರಿಸುವುದಿಲ್ಲ ಎನ್ನುವುದು ಸ್ಪಷ್ಟವಾಗುತ್ತದೆ. ಬೆಲ್ಟಿನ ಅಡಿಯಲ್ಲಿ ಏನಿದೆ, ಗೇರ್‌ಬಾಕ್ಸ್ ಯಾವುದು, ಚೀಲಗಳನ್ನು ಎಷ್ಟು ಒತ್ತಾಗಿ ಇಡುತ್ತಾರೆ ಎಂಬುದಕ್ಕೂ ಅಷ್ಟೇ ಪಾಲಿದೆ.

ಒಂದು ಉದಾಹರಣೆ ಹಿಡಿಯೋಣ. ಕನ್ವೇಯರಿನ ಉದ್ದ 8 ಮೀಟರ್, ಏರು 30 ಡಿಗ್ರಿ. ಅಂದರೆ 8 ಮೀಟರ್ ಸಾಗುವಷ್ಟರಲ್ಲಿ ಚೀಲ 4 ಮೀಟರ್ ಎತ್ತರ ಸೇರುತ್ತದೆ. ಬೆಲ್ಟಿನ ವೇಗ ಸೆಕೆಂಡಿಗೆ ಅರ್ಧ ಮೀಟರ್. 50 ಕಿಲೋ ಅಕ್ಕಿ ಚೀಲಗಳನ್ನು 4 ಸೆಕೆಂಡಿಗೊಂದರಂತೆ ಇಟ್ಟರೆ ಎರಡು ಚೀಲಗಳ ನಡುವೆ 2 ಮೀಟರ್ ಅಂತರ ಬರುತ್ತದೆ. ಆಗ ಯಾವ ಗಳಿಗೆಯಲ್ಲಿ ನೋಡಿದರೂ ಬೆಲ್ಟಿನ ಮೇಲೆ ನಾಲ್ಕು ಚೀಲ, 200 ಕಿಲೋ ಇರುತ್ತದೆ.

ಮೊದಲು ಏರಿನ ಖರ್ಚು. ಸಾಗಿದ ದೂರದ ಅರ್ಧದಷ್ಟು ಎತ್ತರ ಏರುವುದರಿಂದ ತೂಕದ ಅರ್ಧದಷ್ಟು ಬಲ ಚೀಲಗಳನ್ನು ಹಿಂದಕ್ಕೆ ಎಳೆಯುತ್ತದೆ. 200 ಕಿಲೋದ ಅರ್ಧ 100 ಕಿಲೋ. ಅದನ್ನು 9.81ರಿಂದ ಗುಣಿಸಿದರೆ ಸುಮಾರು 980 ನ್ಯೂಟನ್. ಇದರಲ್ಲಿ ರಿಯಾಯಿತಿ ಇಲ್ಲ; ಯಂತ್ರ ಎಷ್ಟೇ ನಯವಾಗಿದ್ದರೂ ಇಷ್ಟನ್ನು ತೆರಲೇಬೇಕು. ಬೆಲ್ಟಿಗೂ ತೂಕವಿದೆಯಲ್ಲ ಎನ್ನಬಹುದು. ಮೇಲಕ್ಕೆ ಹೋಗುವ ಬೆಲ್ಟಿನಷ್ಟೇ ಬೆಲ್ಟು ಅಡಿಯಲ್ಲಿ ಕೆಳಕ್ಕೆ ಬರುತ್ತಿರುತ್ತದೆ, ಆದ್ದರಿಂದ ಏರಿನ ಲೆಕ್ಕದಲ್ಲಿ ಅವೆರಡೂ ಸರಿದೂಗುತ್ತವೆ.

ಇನ್ನು ಘರ್ಷಣೆ. ಇಲ್ಲಿ ಎರಡು ಘರ್ಷಣೆಗಳಿವೆ, ಅವನ್ನು ಬೆರೆಸಬಾರದು. ಚೀಲಕ್ಕೂ ಬೆಲ್ಟಿಗೂ ನಡುವಿನದು ನಮಗೆ ಬೇಕಾದ ಘರ್ಷಣೆ. ಅದು ಸಾಲದಿದ್ದರೆ ಪ್ಲಾಸ್ಟಿಕ್ ಚೀಲ ಜಾರಿ ಕೆಳಗೇ ಉಳಿಯುತ್ತದೆ. 30 ಡಿಗ್ರಿಯ ಏರಿಗೆ ನಯವಾದ ಬೆಲ್ಟ್ ಸಾಲದು, ಮೇಲ್ಮೈ ಒರಟಾದ ರಬ್ಬರ್ ಬೆಲ್ಟ್ ಬೇಕು. ಆದರೆ ಚೀಲ ಜಾರದೆ ಕುಳಿತಿರುವವರೆಗೆ ಈ ಘರ್ಷಣೆ ಮೋಟಾರಿನಿಂದ ಏನನ್ನೂ ಕೇಳುವುದಿಲ್ಲ. ಮೋಟಾರು ಬೆಲೆ ತೆರುವುದು ಬೆಲ್ಟಿನ ಅಡಿಯ ಘರ್ಷಣೆಗೆ.

ಚೀಲದ ಕನ್ವೇಯರುಗಳಲ್ಲಿ ಬೆಲ್ಟ್ ಹೆಚ್ಚಾಗಿ ಉಕ್ಕಿನ ತಗಡಿನ ಮೇಲೆ ಉಜ್ಜಿಕೊಂಡು ಸಾಗುತ್ತದೆ. ರೋಲರುಗಳಿದ್ದರೆ ಚೀಲ ಪ್ರತಿ ರೋಲರಿನ ಮೇಲೂ ಕುಲುಕುತ್ತದೆ. ತಗಡಿನ ಮೇಲೆ ಸಮವಾಗಿ ಕೂರುತ್ತದೆ, ಖರ್ಚೂ ಕಡಿಮೆ. ತಗಡಿನ ಘರ್ಷಣಾಂಕವನ್ನು 0.35 ಎಂದು ಇಟ್ಟುಕೊಳ್ಳೋಣ. ಇದನ್ನು ಪುಸ್ತಕದಿಂದ ಎತ್ತಿಕೊಳ್ಳುವುದಕ್ಕಿಂತ ಅಳೆಯುವುದೇ ಮೇಲು. ಅದೇ ಬೆಲ್ಟಿನ ತುಂಡೊಂದನ್ನು ಅದೇ ಬಗೆಯ ತಗಡಿನ ಮೇಲೆ ಸಮತಟ್ಟಾಗಿ ಹಾಸಿ, ಮೇಲೆ 50 ಕಿಲೋ ಚೀಲ ಇಟ್ಟು, ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಿಧಾನವಾಗಿ ಎಳೆಯಬೇಕು. ಸಾಗುತ್ತಿರುವಾಗ ಮುಳ್ಳು ಹದಿನೇಳೂವರೆ ಕಿಲೋ ತೋರಿಸಿದರೆ ಘರ್ಷಣಾಂಕ 0.35. ಕದಲುವ ಕ್ಷಣದಲ್ಲಿ ಮುಳ್ಳು ಇನ್ನೂ ಮೇಲೆ ಹೋಗಿರುತ್ತದೆ. ಅದನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಲ್ಟ್ ಮೀಟರಿಗೆ 7 ಕಿಲೋ ಇದ್ದರೆ ಮೇಲುಭಾಗದ್ದು 56 ಕಿಲೋ. ಚೀಲಗಳೂ ಸೇರಿ ತಗಡಿನ ಮೇಲೆ 256 ಕಿಲೋ. ಓರೆಯಾಗಿರುವುದರಿಂದ ಇದರ ಶೇ. 87ರಷ್ಟು ಮಾತ್ರ ತಗಡನ್ನು ಒತ್ತುತ್ತದೆ. ಆ ಒತ್ತಡದ 0.35 ಪಾಲು ಎಂದರೆ ಸುಮಾರು 760 ನ್ಯೂಟನ್. ಕೆಳಗೆ ರೋಲರುಗಳ ಮೇಲೆ ಮರಳುವ ಬೆಲ್ಟಿಗೆ ಇನ್ನೊಂದು 25. ಒಟ್ಟು 1,765 ನ್ಯೂಟನ್. ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ, ಅಂದರೆ ಸುಮಾರು 880 ವ್ಯಾಟ್.

ಇದು ಡ್ರಮ್ಮಿನ ಬಳಿ ಬೇಕಾದದ್ದು, ಮೋಟಾರಿನದ್ದಲ್ಲ. ನಡುವೆ ಗೇರ್‌ಬಾಕ್ಸ್ ಇದೆ. ಮೋಟಾರು ನಿಮಿಷಕ್ಕೆ 1,440 ಸುತ್ತು ತಿರುಗುತ್ತದೆ. 200 ಮಿಲಿಮೀಟರ್ ವ್ಯಾಸದ ಡ್ರಮ್ ನಮ್ಮ ವೇಗಕ್ಕೆ 48 ಸುತ್ತು ತಿರುಗಿದರೆ ಸಾಕು. 30ಕ್ಕೆ 1ರ ಇಳಿಕೆ. ಅಗ್ಗವಾಗಿ ಸಿಗುವ ವರ್ಮ್ ಗೇರ್‌ಬಾಕ್ಸ್ ಈ ಇಳಿಕೆಯಲ್ಲಿ ಶೇ. 70ರಷ್ಟನ್ನು ಮಾತ್ರ ದಾಟಿಸುತ್ತದೆ, ಉಳಿದದ್ದು ಎಣ್ಣೆ ಬಿಸಿಯಾಗಿ ಹೋಗುತ್ತದೆ. ಆದ್ದರಿಂದ ಮೋಟಾರು ಕೊಡಬೇಕಾದದ್ದು 1,260 ವ್ಯಾಟ್. ಅದರ ಮೇಲೆ ಕಾಲು ಪಾಲು ಮೀಸಲು ಸೇರಿಸಿದರೆ 1,575. ಮಾರುಕಟ್ಟೆಯಲ್ಲಿ 1.5 ಕಿಲೋವ್ಯಾಟ್ ಆದ ಮೇಲೆ ಸಿಗುವುದು 2.2, ಅಂದರೆ 3 ಎಚ್‌ಪಿ. ಶೇ. 94 ದಾಟಿಸುವ ಹೆಲಿಕಲ್ ಗೇರ್‌ಬಾಕ್ಸ್ ಹಾಕಿದರೆ ಅದೇ ಕೆಲಸಕ್ಕೆ 2 ಎಚ್‌ಪಿ ಸಾಕು. ತಗಡಿನ ಬದಲು ಒಳ್ಳೆಯ ರೋಲರುಗಳೂ ಬಂದರೆ 1 ಎಚ್‌ಪಿಯೇ ಅಂಚಿನಲ್ಲಿ ನಿಭಾಯಿಸೀತು. ಚೀಲ ಅದೇ, ಎತ್ತರ ಅದೇ, ಮೋಟಾರು ಮೂರರಲ್ಲೊಂದು.

ಹಾಗಾದರೆ ವರ್ಮ್ ಗೇರ್‌ಬಾಕ್ಸಿನ 3 ಎಚ್‌ಪಿ ಮೋಟಾರೂ ಕೆಲವೊಮ್ಮೆ ಕಂಗೆಡುವುದೇಕೆ? 75 ಕಿಲೋ ಭತ್ತದ ಚೀಲ ಬಂದರೆ, ಅಂತರ 2 ಮೀಟರೇ ಇದ್ದಲ್ಲಿ, ಬೇಡಿಕೆ 1,825 ವ್ಯಾಟಿಗೆ ಏರುತ್ತದೆ, ಮೋಟಾರು ತಡೆದುಕೊಳ್ಳುತ್ತದೆ. ಆದರೆ ಸಂಜೆಯಾಯಿತು, ಲಾರಿ ಹೊರಡಬೇಕು ಎಂದು ಅಕ್ಕಿ ಚೀಲಗಳನ್ನೇ ಒಂದರ ಬೆನ್ನಿಗೆ ಒಂದು ಇಟ್ಟು ಬೆಲ್ಟಿನ ಮೇಲೆ ಎಂಟು ತುಂಬಿಸಿದರೆ ಬೇಡಿಕೆ 2,400 ವ್ಯಾಟಿನ ಹತ್ತಿರ ಹೋಗುತ್ತದೆ. ಸ್ವಲ್ಪ ಹೊತ್ತು ಓಡಿ ಓವರ್‌ಲೋಡ್ ರಿಲೇ ಬೀಳುತ್ತದೆ. ಅದಕ್ಕೇ ಲೆಕ್ಕಕ್ಕೆ ಕೂರುವ ಮೊದಲು ಗಂಟೆಗೆ ಎಷ್ಟು ಚೀಲ ಎನ್ನುವುದಕ್ಕಿಂತ ಒಮ್ಮೆಗೆ ಬೆಲ್ಟಿನ ಮೇಲೆ ಅತಿ ಹೆಚ್ಚೆಂದರೆ ಎಷ್ಟು ಚೀಲ ಕೂರಬಹುದು ಎಂದು ಹಮಾಲರನ್ನೇ ಕೇಳಬೇಕು.

ಎರಡನೆಯ ತೊಂದರೆ ಕರೆಂಟಿನದು. ಬೆಲ್ಟ್ ತುಂಬಿರುವಾಗ ಕರೆಂಟು ಹೋಗಿ ಬಂದರೆ ಮೋಟಾರು ಭಾರ ಹೊತ್ತೇ ಹೊರಡಬೇಕು, ಮೊದಲು ತಕ್ಕಡಿ ತೋರಿಸಿದ ಆ ಹೆಚ್ಚಿನ ಘರ್ಷಣೆಯನ್ನೂ ಮುರಿಯಬೇಕು. ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 415 ಇರಬೇಕಾದಲ್ಲಿ 340 ವೋಲ್ಟ್ ಬಂದರೆ ಉಳಿಯುವುದು ಮೂರರಲ್ಲಿ ಎರಡು ಪಾಲು. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದ್ದರಂತೂ ಹೊರಡುವಾಗ ಮೂರನೇ ಒಂದು ಪಾಲು ಮಾತ್ರ ಸಿಗುತ್ತದೆ, ತುಂಬಿದ ಬೆಲ್ಟಿಗೆ ಅದು ತಕ್ಕದ್ದಲ್ಲ.

ಬೆಲ್ಟ್ ನಿಂತಿತೆಂದು ತಕ್ಷಣ ದೊಡ್ಡ ಮೋಟಾರು ತರಬೇಕಿಲ್ಲ. ಮೊದಲು ಕ್ಲ್ಯಾಂಪ್ ಮೀಟರಿನಿಂದ ಆಂಪಿಯರ್ ನೋಡಿ. ಮೋಟಾರಿನ ಫಲಕದಲ್ಲಿ ಬರೆದದ್ದಕ್ಕಿಂತ ಹೆಚ್ಚಿದ್ದರೆ ಭಾರ ಮೀರಿದೆ, ಇಲ್ಲವೇ ವೋಲ್ಟೇಜ್ ಕುಸಿದಿದೆ. ಕಡಿಮೆಯಿದ್ದು, ಡ್ರಮ್ ತಿರುಗುತ್ತಿದ್ದೂ ಬೆಲ್ಟ್ ಕದಲದಿದ್ದರೆ ಬೆಲ್ಟ್ ಸಡಿಲವಾಗಿದೆ ಅಥವಾ ಡ್ರಮ್ಮಿಗೆ ತೌಡು, ತೇವ ಹತ್ತಿದೆ. ಎಷ್ಟು ದೊಡ್ಡ ಮೋಟಾರು ತಂದರೂ ಆ ಜಾರುವಿಕೆ ನಿಲ್ಲುವುದಿಲ್ಲ.

ಮೋಟಾರು ಚಿಕ್ಕದಾಯಿತೆಂದು ಸಂತೋಷಪಡುವ ಮುನ್ನ ಇನ್ನೊಂದನ್ನು ನೋಡಬೇಕು. ನಮ್ಮ ಉದಾಹರಣೆಯಲ್ಲಿ ಹಿಂದಕ್ಕೆಳೆಯುವ ಬಲ 980, ತಡೆಯುವ ಘರ್ಷಣೆ 785. ಕರೆಂಟು ಹೋದಾಗ ತುಂಬಿದ ಬೆಲ್ಟನ್ನು ಕೆಳಗಿಳಿಯದಂತೆ ಹಿಡಿಯುವುದರಲ್ಲಿ ವರ್ಮ್ ಗೇರಿನ ಬಿಗಿತಕ್ಕೂ ಪಾಲಿದೆ, ಅದೂ ಅದುರಿದಾಗ ಬಿಟ್ಟುಕೊಡಬಹುದು. ರೋಲರು, ಹೆಲಿಕಲ್ ಗೇರು ಬಂದು ಘರ್ಷಣೆ ತಗ್ಗಿದರೆ ಬೆಲ್ಟ್ ಹಿಂದಕ್ಕೆ ಓಡುವುದು ಖಂಡಿತ, ಕೆಳಗೆ ಚೀಲ ಇಡುತ್ತಿರುವವರು ಅದರ ದಾರಿಯಲ್ಲೇ ನಿಂತಿರುತ್ತಾರೆ. ಹಾಗಾಗಿ ಉಳಿಸಿದ ಎಚ್‌ಪಿಯ ಜೊತೆಗೆ ಬ್ರೇಕ್ ಇರುವ ಮೋಟಾರನ್ನೇ ಕೊಳ್ಳಬೇಕು. ಒಂದೇ ದಿಕ್ಕಿಗೆ ತಿರುಗಲು ಬಿಡುವ ಬ್ಯಾಕ್‌ಸ್ಟಾಪ್ ಅಗ್ಗವೇನೋ ಹೌದು, ಆದರೆ ಲಾರಿಯಿಂದ ಚೀಲ ಇಳಿಸಲು ಅದೇ ಕನ್ವೇಯರನ್ನು ಹಿಮ್ಮುಖವಾಗಿ ಓಡಿಸುವ ಗಿರಣಿಗೆ ಅದು ಹೊಂದುವುದಿಲ್ಲ.